ನಾಲ್ಕನೆಯ ಹೆಸರು: ಹಗಲಿರುಳಿನ ಸೇವೆಯಲ್ಲಿ ಪಾಳಿ ಹಂಚಿಕೆ ಮತ್ತು ಅಧಿಕಾವಧಿ ಕೆಲಸ

ಹಗಲಿರುಳು ನಡೆಯುವ ಸೇವೆಗಳಲ್ಲಿ ಪಾಳಿ ಪಟ್ಟಿಯನ್ನು ಸಿದ್ಧಪಡಿಸುವವರು ಸಾಮಾನ್ಯವಾಗಿ ಮೂರು ಹೆಸರುಗಳಿಂದ ಆರಂಭಿಸುತ್ತಾರೆ. ದಿನಕ್ಕೆ 24 ಗಂಟೆ, ಪಾಳಿಗೆ 8 ಗಂಟೆ, ಆದ್ದರಿಂದ ಮೂವರು ಸಾಕು ಎಂಬುದು ಅವರ ಲೆಕ್ಕ. ಕಾಗದದ ಮೇಲೆ ಇದರಲ್ಲಿ ದೋಷ ಕಾಣುವುದಿಲ್ಲ. ಆದರೆ ಈ ಲೆಕ್ಕದಲ್ಲಿ ವಾರದ ರಜೆ ಇಲ್ಲ, ಹಬ್ಬವಿಲ್ಲ, ಜ್ವರವಿಲ್ಲ, ತರಬೇತಿಯೂ ಇಲ್ಲ. ಬಿಟ್ಟುಹೋದ ಇವೆಲ್ಲವೂ ಮುಂದೆ ಅಧಿಕಾವಧಿ ಕೆಲಸದ ರೂಪದಲ್ಲಿ ಅದೇ ಮೂವರ ಮೇಲೆ ಬಂದು ಕೂರುತ್ತವೆ. ಪ್ರಸ್ತುತ ಪಾಠವು ಈ ಒಂದು ಅಂಶವನ್ನೇ ಒಂದು ಮಾದರಿಯ ಮೂಲಕ ಪರಿಶೀಲಿಸುತ್ತದೆ.

ರಾಜ್ಯದಲ್ಲಿ 108 ಸಂಖ್ಯೆಯ ಆರೋಗ್ಯ ಕವಚ ಸೇವೆಯು 2008ರ ನವೆಂಬರ್ 1ರಂದು ಆರಂಭವಾದ ಬಳಿಕ, ರಸ್ತೆ ಬದಿಯ ನಿಗದಿತ ಸ್ಥಳದಲ್ಲಿ ಆಂಬುಲೆನ್ಸ್ ಸದಾ ಸಿದ್ಧವಾಗಿ ನಿಂತಿರುವುದು ಜನರಿಗೆ ಪರಿಚಿತ ದೃಶ್ಯವಾಗಿದೆ. ಮಾದರಿಗಾಗಿ, ಅಂತಹದೇ ಒಂದು ವಾಹನವು ಉಣಕಲ್ ಕೆರೆಯ ಸಮೀಪ, ಹುಬ್ಬಳ್ಳಿ–ಧಾರವಾಡ ರಸ್ತೆಯ ಬದಿಯಲ್ಲಿ ನಿಲ್ಲುತ್ತದೆ ಎಂದು ಭಾವಿಸಬಹುದು. ಒಂದು ದಿಕ್ಕಿನಲ್ಲಿ ವಿದ್ಯಾನಗರದ ಕಿಮ್ಸ್ ಆಸ್ಪತ್ರೆ, ಇನ್ನೊಂದು ದಿಕ್ಕಿನಲ್ಲಿ ನವನಗರವನ್ನು ದಾಟಿ ಧಾರವಾಡ. ವಾಹನದಲ್ಲಿ ಎರಡು ಸ್ಥಾನಗಳು: ಒಬ್ಬ ಚಾಲಕ, ಒಬ್ಬ ಶುಶ್ರೂಷಕ. ಇವರಲ್ಲಿ ಒಬ್ಬರ ಕೆಲಸವನ್ನು ಇನ್ನೊಬ್ಬರು ಮಾಡಲಾಗದ ಕಾರಣ ಎರಡೂ ಸ್ಥಾನಗಳ ಲೆಕ್ಕವನ್ನು ಪ್ರತ್ಯೇಕವಾಗಿಯೇ ಮಾಡಬೇಕು. ಇಲ್ಲಿ ಚಾಲಕನ ಸ್ಥಾನವನ್ನು ಮಾತ್ರ ತೆಗೆದುಕೊಳ್ಳಲಾಗಿದೆ.

ವರ್ಷದ 365 ದಿನಗಳಲ್ಲಿ ಈ ಸ್ಥಾನವು ತುಂಬಿರಬೇಕಾದ ಅವಧಿ 8,760 ಗಂಟೆಗಳು. ಒಬ್ಬ ಚಾಲಕನಿಗೆ ವಾರಕ್ಕೊಂದರಂತೆ 52 ರಜೆಗಳು; ಸಾರ್ವತ್ರಿಕ ರಜೆ, ಸಾಂದರ್ಭಿಕ ರಜೆ, ಅನಾರೋಗ್ಯ ಮತ್ತು ತರಬೇತಿ ಸೇರಿ ಇನ್ನೊಂದು 30 ದಿನ ಎಂದಿಟ್ಟುಕೊಂಡರೆ, ಉಳಿಯುವುದು 283 ದಿನಗಳು, ಅಂದರೆ 2,264 ಗಂಟೆಗಳು. 8,760ನ್ನು 2,264ರಿಂದ ಭಾಗಿಸಿದರೆ 3.87 ಬರುತ್ತದೆ. ಒಂದು ಸ್ಥಾನಕ್ಕೆ ಕನಿಷ್ಠ ನಾಲ್ವರು ಬೇಕೆಂಬುದು ಇದರಿಂದ ಸ್ಪಷ್ಟವಾಗುತ್ತದೆ. ಮೂವರನ್ನೇ ಇಟ್ಟುಕೊಂಡರೆ ಅವರ ಸಾಮಾನ್ಯ ಕೆಲಸದ ಹೊರಗೆ 1,968 ಗಂಟೆಗಳು ಉಳಿಯುತ್ತವೆ. ತಲಾ 656 ಗಂಟೆ. ಮೂರು ತಿಂಗಳಿಗೆ 164 ಗಂಟೆ.

ಈ 164 ಗಂಟೆಯನ್ನು ಕಾನೂನಿನ ಅಳತೆಗೋಲಿನ ಪಕ್ಕದಲ್ಲಿಟ್ಟು ನೋಡಬೇಕು. ಕರ್ನಾಟಕ ಅಂಗಡಿಗಳು ಮತ್ತು ವಾಣಿಜ್ಯ ಸಂಸ್ಥೆಗಳ ಅಧಿನಿಯಮವು 1961ರಲ್ಲಿ ರೂಪುಗೊಂಡಾಗ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ, ಅಧಿಕಾವಧಿ ಸೇರಿದರೂ ದಿನಕ್ಕೆ 10 ಗಂಟೆ ಮತ್ತು ಮೂರು ತಿಂಗಳಲ್ಲಿ ಅಧಿಕಾವಧಿ ಒಟ್ಟು 50 ಗಂಟೆ ಎಂಬ ಮಿತಿಗಳನ್ನು ಹಾಕಿತು. ಅಧಿಕಾವಧಿಗೆ ದುಪ್ಪಟ್ಟು ವೇತನವನ್ನೂ ವಿಧಿಸಿತು. ಸರ್ಕಾರಿ ಕಚೇರಿಗಳಿಗೆ ಹಾಗೂ ರೋಗಿಗಳ ಆರೈಕೆಯ ಸಂಸ್ಥೆಗಳಿಗೆ ಈ ಅಧಿನಿಯಮದಲ್ಲಿ ವಿನಾಯಿತಿಗಳಿವೆ. ಕಾಯಂ ನೌಕರರಿಗೆ ಸೇವಾ ನಿಯಮಗಳು, ಹೊರಗುತ್ತಿಗೆ ಸಿಬ್ಬಂದಿಗೆ ಗುತ್ತಿಗೆಯ ಷರತ್ತುಗಳು ಮತ್ತು ಕಾರ್ಮಿಕ ಕಾನೂನುಗಳು ಅನ್ವಯಿಸುವುದರಿಂದ, ಯಾವ ಹುದ್ದೆಗೆ ಯಾವ ನಿಯಮ ಎಂಬುದನ್ನು ಕಾರ್ಮಿಕ ಇಲಾಖೆಯ ಕಚೇರಿಯಿಂದ ಖಚಿತಪಡಿಸಿಕೊಳ್ಳುವುದು ಉಚಿತ. ಆದರೆ ವಿನಾಯಿತಿ ದೊರೆತ ಮಾತ್ರಕ್ಕೆ ದೇಹಕ್ಕೆ ವಿನಾಯಿತಿ ದೊರೆಯುವುದಿಲ್ಲ. ಆ ಮಿತಿಯ ಮೂರು ಪಟ್ಟಿಗಿಂತ ಹೆಚ್ಚು ಅಧಿಕಾವಧಿಯನ್ನು, ಯಾರೂ ಅನಿರೀಕ್ಷಿತವಾಗಿ ಕಾಯಿಲೆ ಬೀಳುವ ಮೊದಲೇ, ಮೂರು ಹೆಸರಿನ ಪಟ್ಟಿಯು ಬೇಡುತ್ತದೆ.

ನಾಲ್ಕನೆಯವರನ್ನು ನೇಮಿಸಲು ಅನುದಾನವಿಲ್ಲ ಎಂಬುದು ಸಾಮಾನ್ಯ ಉತ್ತರ. ತಿಂಗಳ ವೇತನ 20,800 ರೂಪಾಯಿ ಎಂದಿಟ್ಟುಕೊಂಡರೆ, 26 ದಿನಗಳ 208 ಗಂಟೆಗೆ ಗಂಟೆಯ ದರ 100 ರೂಪಾಯಿ, ಅಧಿಕಾವಧಿಯ ದರ 200 ರೂಪಾಯಿ. 1,968 ಗಂಟೆಗಳಿಗೆ 3,93,600 ರೂಪಾಯಿ. ನಾಲ್ಕನೆಯ ಚಾಲಕನ ವಾರ್ಷಿಕ ವೇತನ 2,49,600 ರೂಪಾಯಿ. ಭವಿಷ್ಯ ನಿಧಿ ಹಾಗೂ ಇ.ಎಸ್.ಐ.ಗೆ ನಿಯೋಜಕರ ಪಾಲು ಸೇರಿದರೂ ಮೂರು ಲಕ್ಷದೊಳಗೇ ನಿಲ್ಲುತ್ತದೆ. ಮೂವರಿಂದ ನಡೆಸುವುದು ಅಗ್ಗವೆಂದು ತೋರುತ್ತಿದ್ದರೆ, ಅಧಿಕಾವಧಿಯ ಹಣವನ್ನು ಪೂರ್ತಿಯಾಗಿ ಪಾವತಿಸಲಾಗುತ್ತಿಲ್ಲ ಎಂದೇ ಅರ್ಥ.

ನಾಲ್ವರು ದೊರೆತ ಮೇಲೆ ಅವರನ್ನು ಹೇಗೆ ಹಂಚಬೇಕೆಂಬುದು ಮುಂದಿನ ಪ್ರಶ್ನೆ. ಅನೇಕ ಕಡೆ ಒಂದು ವಾರ ಪೂರ್ತಿ ಬೆಳಗು, ಒಂದು ವಾರ ಪೂರ್ತಿ ರಾತ್ರಿ ಎಂಬ ರೂಢಿಯಿದೆ. ನೆನಪಿಟ್ಟುಕೊಳ್ಳಲು ಇದು ಸುಲಭ, ದೇಹಕ್ಕೆ ಮಾತ್ರ ಕಠಿಣ. ರಾತ್ರಿ ಪಾಳಿಯವನು ಹಗಲಿನಲ್ಲಿ ಮಲಗಿದರೂ ಬೆಳಕು, ಸದ್ದು ಮತ್ತು ದೇಹದ ಗಡಿಯಾರದಿಂದಾಗಿ ನಿದ್ರೆ ಬೇಗ ಮುಗಿಯುತ್ತದೆ. ಕೊರತೆಯು ದಿನದಿಂದ ದಿನಕ್ಕೆ ಕೂಡುತ್ತದೆ. ಪಾಳಿ ಕೆಲಸ ಮತ್ತು ಸುರಕ್ಷತೆಯ ಕುರಿತು ಫೋಕಾರ್ಡ್ ಮತ್ತು ಟಕರ್ ಎಂಬ ಸಂಶೋಧಕರು 2003ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ, ಮೊದಲ ರಾತ್ರಿಗೆ ಹೋಲಿಸಿದರೆ ಅವಘಡದ ಸಂಭವವು ಎರಡನೆಯ ರಾತ್ರಿ ಸುಮಾರು ಶೇ. 6, ಮೂರನೆಯ ರಾತ್ರಿ ಶೇ. 17, ನಾಲ್ಕನೆಯ ರಾತ್ರಿ ಶೇ. 36ರಷ್ಟು ಹೆಚ್ಚು. ಎರಡರಿಂದ ಮೂರಕ್ಕೆ ಹೋಗುವಾಗಲೇ ಏರಿಕೆ ಕಡಿದಾಗುತ್ತದೆ. ಆದ್ದರಿಂದ ಸತತ ರಾತ್ರಿಗಳನ್ನು ಎರಡಕ್ಕೆ ನಿಲ್ಲಿಸುವ ಪಟ್ಟಿಯೇ ಉತ್ತಮ.

ಅಂತಹ ಪಟ್ಟಿ ಎಂಟು ದಿನಗಳ ಸುತ್ತಿನದು. ಬೆಳಗಿನ ಪಾಳಿ 7ರಿಂದ 3, ಸಂಜೆಯದು 3ರಿಂದ ರಾತ್ರಿ 11, ರಾತ್ರಿಯದು 11ರಿಂದ ಬೆಳಗಿನ 7. ಕೆಳಗಿನ ಸಾಲುಗಳಲ್ಲಿ 'ಬೆ', 'ಸಂ', 'ರಾ' ಎಂಬವು ಪಾಳಿಗಳನ್ನೂ, 'ವಿ' ಎಂಬುದು ವಿಶ್ರಾಂತಿಯ ದಿನವನ್ನೂ ಸೂಚಿಸುತ್ತವೆ.

ಮೊದಲನೆಯವರು: ಬೆ ಬೆ ಸಂ ಸಂ ರಾ ರಾ ವಿ ವಿ
ಎರಡನೆಯವರು: ವಿ ವಿ ಬೆ ಬೆ ಸಂ ಸಂ ರಾ ರಾ
ಮೂರನೆಯವರು: ರಾ ರಾ ವಿ ವಿ ಬೆ ಬೆ ಸಂ ಸಂ
ನಾಲ್ಕನೆಯವರು: ಸಂ ಸಂ ರಾ ರಾ ವಿ ವಿ ಬೆ ಬೆ

ಯಾವುದೇ ದಿನವನ್ನು ಮೇಲಿಂದ ಕೆಳಗೆ ಓದಿದರೂ ಮೂರು ಪಾಳಿಗಳು ತುಂಬಿದ್ದು ಒಬ್ಬರು ವಿಶ್ರಾಂತಿಯಲ್ಲಿರುತ್ತಾರೆ. ವಾರದ ಸರಾಸರಿ 42 ಗಂಟೆಗಳಾಗುತ್ತದೆ. ಬೆಳಗಿನಿಂದ ಸಂಜೆಗೆ, ಸಂಜೆಯಿಂದ ರಾತ್ರಿಗೆ ಪಾಳಿಯು ಮುಂದಕ್ಕೆ ಸರಿಯುವುದರಿಂದ ಪ್ರತಿ ಬದಲಾವಣೆಯಲ್ಲಿಯೂ ಪೂರ್ಣ 24 ಗಂಟೆಗಳ ಬಿಡುವು ಸಿಗುತ್ತದೆ. ಇದನ್ನೇ ಹಿಂದಕ್ಕೆ ಸರಿಸಿದರೆ ರಾತ್ರಿ 11ಕ್ಕೆ ಕೆಲಸ ಬಿಟ್ಟ ಚಾಲಕನು ಮರುದಿನ ಬೆಳಗಿನ 7ಕ್ಕೆ ಬರಬೇಕಾಗುತ್ತದೆ. ಅವನ ಮನೆ ಕಲಘಟಗಿ ಅಥವಾ ಕುಂದಗೋಳದ ಕಡೆಯಿದ್ದರೆ ಹೋಗಿ ಬರುವ ದಾರಿ, ಊಟ, ಸ್ನಾನ ಕಳೆದು ನಿದ್ರೆಗೆ ಉಳಿಯುವುದು ಐದು ಗಂಟೆಯೂ ಇರಲಾರದು. ಐರೋಪ್ಯ ಒಕ್ಕೂಟದ 2003ರ ಕೆಲಸದ ಅವಧಿಯ ನಿರ್ದೇಶನವು ದಿನಕ್ಕೆ ಸತತ 11 ಗಂಟೆಗಳ ವಿಶ್ರಾಂತಿಯನ್ನು ಕನಿಷ್ಠವೆಂದು ಹೇಳುತ್ತದೆ. ನಮ್ಮ ಪಟ್ಟಿಗಳಿಗೂ ಅದು ಒಳ್ಳೆಯ ಅಳತೆ.

ಎಂಟು ದಿನಗಳ ಸುತ್ತಿನಲ್ಲಿ ವಿಶ್ರಾಂತಿಯ ದಿನ ಪ್ರತಿ ವಾರವೂ ಬದಲಾಗುತ್ತದೆ ಎಂಬ ಆಕ್ಷೇಪಣೆ ಸಿಬ್ಬಂದಿಯಿಂದಲೇ ಬರುವುದುಂಟು. ಆಕ್ಷೇಪಣೆ ನಿಜ. ಆದರೆ ಆ ಬದಲಾವಣೆಯಿಂದಲೇ 56 ದಿನಗಳಲ್ಲಿ ನಾಲ್ವರಿಗೂ ತಲಾ ಎರಡು ಭಾನುವಾರಗಳ ವಿಶ್ರಾಂತಿ ಸಮನಾಗಿ ಸಿಗುತ್ತದೆ. ಭಾನುವಾರ ಯಾರಿಗೆಂದು ಮೇಲ್ವಿಚಾರಕರು ತೀರ್ಮಾನಿಸಬೇಕಾದ ಪ್ರಸಂಗವೇ ಇರುವುದಿಲ್ಲ. ಪಟ್ಟಿಯನ್ನು ಎರಡು ತಿಂಗಳಿಗೆ ಮುಂಚಿತವಾಗಿ ಅಂಟಿಸಿದರೆ ಮದುವೆ, ಜಾತ್ರೆಗಳ ದಿನವನ್ನು ಅವರೇ ನೋಡಿಕೊಂಡು ಪರಸ್ಪರ ಬದಲಾಯಿಸಿಕೊಳ್ಳಬಹುದು. ಹೀಗೆ ಬದಲಾಯಿಸುವಾಗ ಎರಡು ಷರತ್ತುಗಳು ಉಳಿಯಬೇಕು: ಮೂರನೆಯ ಸತತ ರಾತ್ರಿ ಬರಬಾರದು, ಎರಡು ಪಾಳಿಗಳ ನಡುವೆ 11 ಗಂಟೆಗಿಂತ ಕಡಿಮೆಯಾಗಬಾರದು. ಇಬ್ಬರೂ ಒಪ್ಪಿದ್ದಾರೆಂಬುದು ಇಲ್ಲಿ ಸಮರ್ಥನೆಯಾಗದು.

ಎರಡನೆಯ ರಾತ್ರಿಯು ಬೆಳಗಿನ 7ಕ್ಕೆ ಮುಗಿಯುವುದರಿಂದ ಮೊದಲ ವಿಶ್ರಾಂತಿ ದಿನವು ವಾಸ್ತವದಲ್ಲಿ ನಿದ್ರೆಯ ದಿನ. ಒಬ್ಬರು ರಜೆ ಹಾಕಿದಾಗ ಆ ದಿನದಲ್ಲಿರುವವರನ್ನು ಕರೆಯಲೇಬಾರದು. ಕರೆಯುವುದಾದರೆ ಎರಡನೆಯ ವಿಶ್ರಾಂತಿ ದಿನದವರನ್ನು ಕರೆಯಬೇಕು. ಹಾಗೆ ಬಂದವರು ಮುಂದಿನ ಸುತ್ತಿನೊಡನೆ ಸೇರಿ ಏಳು ದಿನ ಸತತವಾಗಿ ದುಡಿಯುವುದರಿಂದ ಆ 8 ಗಂಟೆಗಳನ್ನು ಅಧಿಕಾವಧಿಯೆಂದು ಬರೆಯಬೇಕು, ಮರುಸುತ್ತಿನಲ್ಲಿ ಅವರನ್ನು ಮತ್ತೆ ಕರೆಯಬಾರದು. ನಾಲ್ವರ ರಜೆಗಳನ್ನು ಹೀಗೆ ತುಂಬಿದರೆ ತಲಾ ತಿಂಗಳಿಗೆ ಎರಡು ಕರೆಗಳೊಳಗೆ ಮುಗಿಯುತ್ತದೆ. ಕೆಲಸದಲ್ಲಿರುವವರನ್ನೇ ಇನ್ನೊಂದು ಪಾಳಿಗೆ ಮುಂದುವರಿಸುವುದು ಅತಿ ಸುಲಭದ, ಅತಿ ಅಪಾಯದ ದಾರಿ. ಹದಿನೇಳು ಗಂಟೆ ಸತತವಾಗಿ ಎಚ್ಚರವಿದ್ದವರ ಕೈ-ಕಣ್ಣಿನ ಹೊಂದಾಣಿಕೆಯು ರಕ್ತದಲ್ಲಿ ಶೇ. 0.05 ಮದ್ಯಾಂಶವಿದ್ದವರ ಮಟ್ಟಕ್ಕೆ ಇಳಿಯುತ್ತದೆಂದು 1997ರಲ್ಲಿ ಪ್ರಕಟವಾದ ಪ್ರಯೋಗವೊಂದು ತೋರಿಸಿತು. ಬೆಳಗ್ಗೆ 5ಕ್ಕೆ ಎದ್ದು ಎರಡು ಪಾಳಿ ಮುಗಿಸಿದ ಚಾಲಕನು ರಾತ್ರಿ 11ರ ಹೊತ್ತಿಗೆ ಆ ಗಡಿಯನ್ನು ದಾಟಿರುತ್ತಾನೆ, ಮತ್ತು ಬೈಕಿನಲ್ಲಿ ಮನೆಗೆ ಹೊರಡುವುದು ಅದರ ಅನಂತರ.

ಕೊನೆಯದಾಗಿ, ಪಟ್ಟಿಯಲ್ಲಿ ಕಾಣದ ಅಧಿಕಾವಧಿಯ ವಿಷಯ. ಮಧ್ಯಾಹ್ನ 2 ಗಂಟೆ 40 ನಿಮಿಷಕ್ಕೆ ನವನಗರದಿಂದ ಕರೆ ಬರುತ್ತದೆ. ರೋಗಿಯನ್ನು ಕಿಮ್ಸ್‌ಗೆ ತಲುಪಿಸಿ, ಸ್ಟ್ರೆಚರ್ ಮರಳಿ ಪಡೆದು, ವಾಹನ ತೊಳೆದು ಉಣಕಲ್‌ಗೆ ಹಿಂತಿರುಗುವಾಗ 4 ಗಂಟೆ 10 ನಿಮಿಷ. ಹಾಜರಾತಿ ಪುಸ್ತಕದಲ್ಲಿ ಮಾತ್ರ 3 ಗಂಟೆ ಎಂದೇ ಇರುತ್ತದೆ. ಆ 70 ನಿಮಿಷಗಳು ತಿಂಗಳಿಗೆ ಆರು ಸಲ ಬಂದರೆ ಏಳು ಗಂಟೆಗಳು, ಅಂದರೆ ಹೆಚ್ಚುಕಡಿಮೆ ಒಂದು ಪಾಳಿ, ಲೆಕ್ಕದಿಂದ ಹೊರಗುಳಿಯುತ್ತವೆ. ಮುಂದಿನ ಪಾಳಿಯವರು 15 ನಿಮಿಷ ಮುಂಚಿತವಾಗಿ ಬಂದು, ಆ ಬಳಿಕದ ಕರೆಯನ್ನು ತಾವೇ ವಹಿಸಿಕೊಳ್ಳುವುದರಿಂದ ಇದು ಸ್ವಲ್ಪ ತಗ್ಗುತ್ತದೆ, ಪೂರ್ತಿ ನಿಲ್ಲದು. ಮುಂಚಿತವಾಗಿ ಬಂದ 15 ನಿಮಿಷಗಳೂ ಕೆಲಸದ ಅವಧಿಯೇ ಎಂಬುದನ್ನು ಮರೆಯಬಾರದು.

ಇದನ್ನು ಪತ್ತೆಹಚ್ಚಲು ಹೊಸ ನಮೂನೆ ಬೇಕಿಲ್ಲ. ಹಾಜರಾತಿ ಪುಸ್ತಕದ ನಿರ್ಗಮನ ಸಮಯವನ್ನು ವಾಹನದ ಲಾಗ್ ಪುಸ್ತಕದಲ್ಲಿ ಬರೆದ ಹಿಂತಿರುಗಿದ ಸಮಯದೊಡನೆ ತಿಂಗಳಿಗೊಮ್ಮೆ ಸಾಲುಸಾಲಾಗಿ ಹೋಲಿಸಿದರೆ ಸಾಕು. ಮೂವತ್ತೂ ದಿನ 7 ಮತ್ತು 3 ಎಂಬ ಅಂಕಿಗಳೇ ಇದ್ದರೆ ಆ ಪುಸ್ತಕವನ್ನು ಪಟ್ಟಿಯನ್ನು ನೋಡಿ ಬರೆದಿದ್ದಾರೆ, ಗಡಿಯಾರವನ್ನು ನೋಡಿ ಅಲ್ಲ. ಹೋಲಿಕೆಯಲ್ಲಿ ಸಿಕ್ಕ ನಿಮಿಷಗಳನ್ನು ಚಾಲಕನ ಹಾಗೂ ಶುಶ್ರೂಷಕನ ಹೆಸರಿನಲ್ಲಿ ಪ್ರತ್ಯೇಕವಾಗಿ ಕೂಡಿ, ಅದೇ ತಿಂಗಳ ವೇತನ ಬಿಲ್ಲಿಗೆ ಅಥವಾ, ಸೇವಾ ನಿಯಮಗಳು ಹಾಗೆ ಹೇಳುವಲ್ಲಿ, ಪರಿಹಾರ ರಜೆಯ ಖಾತೆಗೆ ಸೇರಿಸಬೇಕು. ಮೂರು ತಿಂಗಳ ಮೊತ್ತವು ಯಾರೊಬ್ಬರ ಹೆಸರಿನಲ್ಲಾದರೂ 50 ಗಂಟೆಯನ್ನು ಸಮೀಪಿಸಿದರೆ, ಆ ಸ್ಥಾನದ ಪಟ್ಟಿಯಲ್ಲಿ ನಿಜವಾಗಿ ಎಷ್ಟು ಹೆಸರುಗಳಿವೆ ಎಂಬುದನ್ನು ಮೊದಲು ಎಣಿಸಿ, ಕೊರತೆಯಿದ್ದಲ್ಲಿ ಹೋಲಿಕೆಯ ಪಟ್ಟಿಯ ಪ್ರತಿಯೊಡನೆ ನಾಲ್ಕನೆಯ ಹುದ್ದೆಯ ಪ್ರಸ್ತಾವನೆಯನ್ನು ಮೇಲಿನ ಕಚೇರಿಗೆ ಸಲ್ಲಿಸಬೇಕು.