ಮನೆ ಬದಲಿಸಿದಿರಾ? ಆರ್‌ಸಿಯ ವಿಳಾಸವನ್ನೂ ಬದಲಿಸಿ

ಮನೆ ಬದಲಿಸಿದವರು ಆಧಾರ್ ತಿದ್ದಿಸಿ ಸುಮ್ಮನಾಗುವುದುಂಟು. ಆದರೆ ಆಧಾರ್ ತಿದ್ದಿದರೆ ಆರ್‌ಸಿ ತಾನಾಗಿ ಬದಲಾಗದು. ಮೋಟಾರು ವಾಹನ ಕಾಯ್ದೆಯ 49ನೇ ಕಲಮಿನಂತೆ, 30 ದಿನಗಳೊಳಗೆ ಹೊಸ ವಿಳಾಸದ ವ್ಯಾಪ್ತಿಯ ಸಾರಿಗೆ ಕಚೇರಿಗೆ ನೀವೇ ತಿಳಿಸಬೇಕು. ಮೈಸೂರಿನಿಂದ ಧಾರವಾಡಕ್ಕೆ ಬಂದವರು ಅರ್ಜಿ ಬರೆಯಬೇಕಾದದ್ದು ಧಾರವಾಡದ ಕಚೇರಿಗೆ. ಒಂದೇ ರಾಜ್ಯದೊಳಗಿನ ಬದಲಾವಣೆಯಾದ್ದರಿಂದ ಗಾಡಿಯ ನಂಬರ್ ಹಾಗೆಯೇ ಉಳಿಯುತ್ತದೆ, ಆ ಚಿಂತೆ ಬೇಡ.

ಹೆಚ್ಚಿನವರು ಎಡವುವುದು ಆರ್‌ಸಿಗೂ ಲೈಸೆನ್ಸಿಗೂ ಸೇರಿಸಿ ಒಂದೇ ಪತ್ರ ಬರೆಯುವಲ್ಲಿ. ಇವೆರಡರ ದಾಖಲೆಗಳು ಬೇರೆ, ಅರ್ಜಿಗಳೂ ಬೇರೆ. ಆರ್‌ಸಿಗೆ ನಮೂನೆ 33 ತುಂಬಿ, ವಿಳಾಸದ ಪುರಾವೆ, ಚಾಲ್ತಿಯಲ್ಲಿರುವ ವಿಮೆ ಮತ್ತು ಹೊಗೆ ತಪಾಸಣೆ ಪತ್ರ ಲಗತ್ತಿಸಿ. ಗಾಡಿ ಸಾಲದಲ್ಲಿದ್ದರೆ ಅದೇ ನಮೂನೆಯಲ್ಲಿ ಸಾಲ ಕೊಟ್ಟವರ ಒಪ್ಪಿಗೆಯ ಸಹಿಯೂ ಬೇಕು. ಅರ್ಜಿ ಹಾಕುವ ಮೊದಲೇ ಅದನ್ನು ಪಡೆಯಿರಿ. ಲೈಸೆನ್ಸಿಗೆ ನಮೂನೆ 2. ಎರಡರಲ್ಲೂ ಹೊಸ ವಿಳಾಸ ಪುರಾವೆಯಲ್ಲಿದ್ದಂತೆಯೇ ಇರಲಿ, ಪಿನ್‌ಕೋಡ್ ಸಹಿತ.

ದಂಡದ ಸಂದೇಶ ಮೊಬೈಲಿಗೇ ಬರುತ್ತದಲ್ಲ, ವಿಳಾಸ ಯಾಕೆ ಎನ್ನಬಹುದು. ಆರ್‌ಸಿಯಲ್ಲಿರುವುದು ನೀವು ಬಿಟ್ಟುಬಿಟ್ಟ ಹಳೇ ನಂಬರಾದರೆ ಸಂದೇಶವೂ ಸಿಗದು, ಅಂಚೆಯಲ್ಲಿ ಬಂದ ನೋಟಿಸೂ ಹಳೇ ಮನೆಯ ಬಾಗಿಲಿಗೇ ಹೋಗುತ್ತದೆ. ಹಾಗಾಗಿ ಮೊಬೈಲ್ ನಂಬರನ್ನೂ ಸರಿಪಡಿಸಿ. ಅರ್ಜಿಯ ಸ್ವೀಕೃತಿಯನ್ನು ಹೊಸ ಕಾರ್ಡು ಕೈಸೇರುವವರೆಗೆ ಜೋಪಾನವಾಗಿಟ್ಟುಕೊಳ್ಳಿ.