ಈ ಮಾತು ಯಾರದು?

ಫ್ಲೋಬೇರ್‌ನ ‘ಮದಾಂ ಬೊವಾರಿ’ ಕಾದಂಬರಿಯ ಮೇಲೆ 1857ರಲ್ಲಿ ಪ್ಯಾರಿಸ್‌ನಲ್ಲಿ ಮೊಕದ್ದಮೆ ನಡೆಯಿತು. ನಾಟಕಗೃಹದಲ್ಲಿ ಕುಳಿತ ಎಮ್ಮಾಳ ಕುರಿತ ಒಂದು ವಾಕ್ಯ ಮದುವೆಗೇ ಕಳಂಕವೆಂಬ ಪದ ಅಂಟಿಸುತ್ತದೆ. ಸರ್ಕಾರಿ ವಕೀಲ ಪಿನಾರ್ ಆ ಪದವನ್ನು ಲೇಖಕನ ತಪ್ಪೆಂದು ಆಕ್ಷೇಪಿಸಿದರು.

ಆದರೆ ಆ ಮಾತು ಯಾರದು? ‘ಎಂದುಕೊಂಡಳು’ ಎಂಬ ಗುರುತು ಅಲ್ಲಿಲ್ಲ, ‘ಅವಳು’ ಎಂದೇ ಇದೆ. ಇದು ನಿರೂಪಕನ ವ್ಯಾಕರಣ. ಆದರೂ ವಾಕ್ಯ ಉದ್ಗಾರದಿಂದ ತೊಡಗಿ, ‘ಹಾಗಾಗಿದ್ದರೆ’ ಎಂಬ ಹಂಬಲದಲ್ಲಿ ಸಾಗುತ್ತದೆ. ಹಂಬಲಿಸುತ್ತಿರುವವಳು ಎಮ್ಮಾ. ‘ಅವಳು’ ಬದಲು ‘ನಾನು’ ಇಟ್ಟು ಓದಿ. ಉಳಿದ ಮಾತು ಹಾಗೆಯೇ ಹೊಂದುತ್ತದೆ. ಇದೇ ಮುಕ್ತ ಪರೋಕ್ಷ ಕಥನ.

ಉತ್ತರ ಬರೆಯುವಾಗ ಉದ್ಗಾರ, ಹಂಬಲ, ಸರ್ವನಾಮ ಮೂರನ್ನೂ ತೋರಿಸಿ. ಇವು ಮಾತು ಎಮ್ಮಾಳದೆಂದು ಹೇಳುತ್ತವೆ. ಲೇಖಕ ಅದನ್ನು ಒಪ್ಪುತ್ತಾನೆಯೇ ಎಂಬುದಕ್ಕೆ ಇಡೀ ಕಾದಂಬರಿಯನ್ನೇ ಸಾಕ್ಷಿಗೆ ಕರೆಯಬೇಕು.