ಮೂರು ನಿಮಿಷದಲ್ಲಿ ನಿಮ್ಮ ರೇಷ್ಮೆಯ ಕಥೆ

ಶಿಡ್ಲಘಟ್ಟದಲ್ಲಿ ನೂಲು ಬಿಚ್ಚಾಣಿಕೆ ನಡೆಸುತ್ತಾ ಸ್ವಂತ ಹೆಸರಿನಲ್ಲಿ ಸೀರೆ ಮಾರಲು ಹೊರಟವರಿಗೆ ಒಂದು ಮಾತು. ಚಿಕ್ಕಬಳ್ಳಾಪುರದ ಉದ್ಯಮಿಗಳ ಸಭೆಯಲ್ಲಿ ಮೈಕು ಸಿಕ್ಕರೆ ವಂದನೆ, ವಂಶದ ಹಿರಿಮೆಗಳಲ್ಲೇ ಸಮಯ ಕಳೆಯಬೇಡಿ. ಏನು ಮಾರುತ್ತೀರಿ, ಯಾರಿಗೆ ಎಂಬುದನ್ನು ಮೊದಲ ವಾಕ್ಯದಲ್ಲೇ ಹೇಳಿಬಿಡಿ.

ಆಮೇಲೆ ನಿಮ್ಮ ಕೈಯಲ್ಲೇ ಆಗುವ ಒಂದು ಕೆಲಸವನ್ನು ಬಿಡಿಸಿ ಹೇಳಿ. ಗೂಡಿನ ಮಾರುಕಟ್ಟೆಯ ಹರಾಜಿನಲ್ಲಿ ಎಂಥ ಗೂಡು ಆರಿಸುತ್ತೀರಿ? ಒಂದು ಕಿಲೋ ನೂಲಿಗೆ ಸುಮಾರು 7 ಕಿಲೋ ಗೂಡು ಬೇಕು. ಗೂಡು ಕಳಪೆಯಾದರೆ ಇನ್ನೂ ಹೆಚ್ಚು ಬೇಕಾಗುತ್ತದೆ, ಎಳೆಯೂ ಪದೇ ಪದೇ ಕಡಿಯುತ್ತದೆ. ಇಷ್ಟು ಕೇಳಿದವರಿಗೆ ನಿಮ್ಮ ಸೀರೆಗೆ ಬೆಲೆ ಏಕೆ ಹೆಚ್ಚೆಂಬುದು ತಾನಾಗಿ ಹೊಳೆಯುತ್ತದೆ.

ಚಪ್ಪಾಳೆಯ ಆಸೆಗೆ ‘ನಮ್ಮದೂ ಮೈಸೂರು ಸಿಲ್ಕೇ’ ಎನ್ನಬೇಡಿ. ಆ ಹೆಸರಿಗೆ ಭೌಗೋಳಿಕ ಸೂಚಕ ಮಾನ್ಯತೆಯಿದೆ, ಅದನ್ನು ಪಡೆದಿರುವುದು ಕೆಎಸ್‌ಐಸಿ. ಶುದ್ಧತೆ ತೋರಿಸಬೇಕೆಂದರೆ ಸಿಲ್ಕ್ ಮಾರ್ಕ್ ಪಡೆದು ಆ ಲೇಬಲ್ ತೋರಿಸಿ. ಅದು ಅಪ್ಪಟ ರೇಷ್ಮೆ ಎಂದಷ್ಟೇ ಹೇಳುತ್ತದೆ. ನೇಯ್ಗೆ ಚೆನ್ನಾಗಿದೆಯೆಂದು ಸೀರೆಯನ್ನೇ ಕೈಗಿಟ್ಟು ತೋರಿಸಬೇಕು.

ಕೊನೆಗೆ ಬೇಕಾದ್ದನ್ನು ಬಾಯಿಬಿಟ್ಟು ಕೇಳಿ: ಚಿಂತಾಮಣಿಯಲ್ಲೋ ಗೌರಿಬಿದನೂರಿನಲ್ಲೋ ನಿಮ್ಮ ಸೀರೆ ಇಟ್ಟು ಮಾರುವ ಅಂಗಡಿಯವರು ಬೇಕೆಂದು. ಸಂಕೋಚಪಟ್ಟು ಸುಮ್ಮನೆ ಕುಳಿತರೆ ಹೊಗಳಿಕೆ ಸಿಗುತ್ತದೆ, ಆರ್ಡರ್ ಸಿಗುವುದಿಲ್ಲ.